ತಲೆಕೆಳಗು ಮಾಡಿದರೂ ಬದಲಾಗದ ಪದಬಂಧ

ಇಂಗ್ಲಿಷ್ ಪತ್ರಿಕೆಯೊಂದರ ಪದಬಂಧವನ್ನು ತಲೆಕೆಳಗಾಗಿ ಹಿಡಿದು ನೋಡಿ. ಅಕ್ಷರ, ಅಂಕಿಗಳು ತಿರುಗುಮುರುಗಾಗುತ್ತವೆ. ಆದರೆ ಕಪ್ಪು ಮನೆಗಳ ವಿನ್ಯಾಸ ಮಾತ್ರ ಮೊದಲು ಹೇಗಿತ್ತೋ ಹಾಗೇ ಕಾಣುತ್ತದೆ. ಎಡಮೇಲಿನ ಮೂಲೆಯಲ್ಲಿ ಒಂದು ಕಪ್ಪು ಮನೆ ಇದ್ದರೆ ಬಲಕೆಳಗಿನ ಮೂಲೆಯಲ್ಲಿ ಅದರ ಜೋಡಿ ಇದ್ದೇ ಇರುತ್ತದೆ. ಕಾಗದವನ್ನು ಅರ್ಧ ಸುತ್ತು ತಿರುಗಿಸಿದಾಗಲೂ ಹೊಂದಿಕೊಳ್ಳುವ ಈ ಸಮಮಿತಿ ಪದಬಂಧ ಬಿಡಿಸುವವರ ಕಣ್ಣಿಗೆ ಬೀಳುವುದು ಅಪರೂಪ. ರಚಿಸುವವರಿಗಾದರೋ ಮೊದಲ ತಲೆನೋವೇ ಅದು.

ಆರ್ಥರ್ ವಿನ್ ಎಂಬ ಪತ್ರಕರ್ತರು 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಮೊದಲ ಪದಬಂಧವನ್ನು ಅಚ್ಚು ಹಾಕಿಸಿದರು. ಅದು ವಜ್ರದ ಆಕಾರದಲ್ಲಿತ್ತು. ಈಗ ಅಮೆರಿಕದ ದಿನಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಅಡ್ಡಕ್ಕೆ ಹದಿನೈದು, ಉದ್ದಕ್ಕೆ ಹದಿನೈದು ಮನೆಗಳ ಚೌಕ. ಅದರಲ್ಲಿ ಮೂರೋ ನಾಲ್ಕೋ ಉದ್ದನೆಯ ಉತ್ತರಗಳು ಒಂದೇ ವಿಷಯದ ಸುತ್ತ ಇರುತ್ತವೆ. ಅವನ್ನು ‘ವಿಷಯಪದ’ಗಳು ಎನ್ನೋಣ. ಚೌಕಕ್ಕೆ ಸಮಮಿತಿ ಇರಬೇಕೆಂದ ಮೇಲೆ ಮೇಲ್ಭಾಗದ ವಿಷಯಪದ ಎಷ್ಟು ಮನೆ ಹಿಡಿಯುತ್ತದೋ ಕೆಳಭಾಗದಲ್ಲಿ ಅದಕ್ಕೆ ಎದುರಾಗಿ ಕೂರುವ ವಿಷಯಪದವೂ ಅಷ್ಟೇ ಮನೆ ಹಿಡಿಯಬೇಕು. ಹಾಗಾಗಿ ರಚನಕಾರ ವಿಷಯ ಆರಿಸಿಕೊಂಡ ಕೂಡಲೇ ಮಾಡುವ ಕೆಲಸ ಅಕ್ಷರ ಎಣಿಸುವುದು. ಎಷ್ಟೇ ಸೊಗಸಾದ ಪದವಾಗಲಿ, ಅಷ್ಟೇ ಉದ್ದದ ಸಂಗಾತಿ ಸಿಗದಿದ್ದರೆ ಹೊರಗೇ ಉಳಿಯುತ್ತದೆ.

ಇದು ಕನ್ನಡದಲ್ಲಿ ಹೇಗೆ ನಡೆಯುತ್ತದೆ ಎಂದು ತಿಳಿಯಲು ಒಂಬತ್ತಕ್ಕೆ ಒಂಬತ್ತು ಮನೆಗಳ ಒಂದು ಪದಬಂಧವನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟಿ ನೋಡೋಣ.

ಮೊದಲು ಎಣಿಕೆ

ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ. ಗುಣಿತ, ಒತ್ತು, ಸೊನ್ನೆ ಎಲ್ಲವೂ ಆ ಅಕ್ಷರದ ಜೊತೆ ಅದೇ ಮನೆಯಲ್ಲಿ ಕೂರುತ್ತವೆ. ‘ಪರ್ವತ’ಕ್ಕೆ ಮೂರು ಮನೆ: ಪ, ರ್ವ, ತ. ‘ರಾಜೇಂದ್ರ’ಕ್ಕೂ ಮೂರೇ: ರಾ, ಜೇಂ, ದ್ರ. ಎರಡು ಪದಗಳು ಸೇರಿದ ಹೆಸರಾದರೆ ನಡುವಿನ ಜಾಗಕ್ಕೆ ಮನೆ ಇಲ್ಲ.

ವಿಷಯ ಜ್ಞಾನಪೀಠ ಇರಲಿ. ಪ್ರಶಸ್ತಿಯ ಮಾತು ಬಂದಾಗ ಕನ್ನಡದ ಐವರು ಲೇಖಕರ ಹೆಸರಿನ ಜೊತೆ ಸಾಮಾನ್ಯವಾಗಿ ಒಂದೊಂದು ಕೃತಿಯ ಹೆಸರೂ ಬರುತ್ತದೆ. ಕುವೆಂಪು ಎಂದರೆ ‘ಶ್ರೀ ರಾಮಾಯಣ ದರ್ಶನಂ’, ಬೇಂದ್ರೆ ಎಂದರೆ ‘ನಾಕುತಂತಿ’, ಕಾರಂತ ಎಂದರೆ ‘ಮೂಕಜ್ಜಿಯ ಕನಸುಗಳು’, ಮಾಸ್ತಿ ಎಂದರೆ ‘ಚಿಕವೀರ ರಾಜೇಂದ್ರ’, ಗೋಕಾಕ ಎಂದರೆ ‘ಭಾರತ ಸಿಂಧು ರಶ್ಮಿ’. ಅನಂತಮೂರ್ತಿ, ಕಾರ್ನಾಡ, ಕಂಬಾರ ಅವರ ಹೆಸರಿನ ಜೊತೆ ಹೀಗೆ ಒಂದೇ ಕೃತಿ ಅಂಟಿಕೊಂಡಿಲ್ಲ. ಆದ್ದರಿಂದ ಪಟ್ಟಿಯನ್ನು ಐದಕ್ಕೇ ನಿಲ್ಲಿಸೋಣ.

ಈಗ ಎಣಿಸಿದರೆ ರಾಮಾಯಣ ದರ್ಶನಂ ‘ಶ್ರೀ’ ಸೇರಿ ಎಂಟು ಮನೆ, ನಾಕುತಂತಿ ನಾಲ್ಕು, ಮೂಕಜ್ಜಿ ಒಂಬತ್ತು, ಚಿಕವೀರ ಏಳು, ಭಾರತ ಸಿಂಧು ರಶ್ಮಿಯೂ ಏಳು. ಐದರಲ್ಲಿ ಒಂದೇ ಒಂದು ಜೋಡಿ ಸಿಕ್ಕಿತು, ಏಳಕ್ಕೆ ಏಳು. ಅದು ಮಾಸ್ತಿ ಮತ್ತು ಗೋಕಾಕರದ್ದು. ಕಾರಂತರ ಒಂಬತ್ತಕ್ಕೆ ಜೋಡಿ ಬೇಕಾಗಿಲ್ಲ. ಬೆಸ ಸಂಖ್ಯೆಯ ಚೌಕದಲ್ಲಿ ನಟ್ಟನಡುವಿನ ಅಡ್ಡಸಾಲು ಒಂದಿರುತ್ತದೆ. ಚೌಕವನ್ನು ತಿರುಗಿಸಿದರೂ ಅದು ತನ್ನ ಜಾಗದಲ್ಲೇ ಇರುತ್ತದೆ. ಆ ಸಾಲಿನ ಮಧ್ಯಕ್ಕೆ ಕೂರುವ ಪದ ತನಗೆ ತಾನೇ ಜೋಡಿ. ಒಂಬತ್ತು ಮನೆಗಳ ಸಾಲಿಗೆ ಒಂಬತ್ತು ಅಕ್ಷರಗಳ ಹೆಸರು ಈ ಅಂಚಿನಿಂದ ಆ ಅಂಚಿಗೆ ಸರಿಯಾಗಿ ಹಿಡಿಸುತ್ತದೆ.

ಉಳಿದದ್ದು ಎಂಟು ಮತ್ತು ನಾಲ್ಕು. ಕುವೆಂಪು ಅವರನ್ನೂ ಬೇಂದ್ರೆ ಅವರನ್ನೂ ಬಿಟ್ಟು ಜ್ಞಾನಪೀಠದ ಪದಬಂಧವೇ ಎಂದು ಯಾರಾದರೂ ಕೇಳಬಹುದು. ಎಂಟು ಅಕ್ಷರದ ಜೋಡಿಗಾಗಿ ಕಾರಂತರ ‘ಯಕ್ಷಗಾನ ಬಯಲಾಟ’ವನ್ನು ತರಬಹುದು. ಆದರೆ ಅದು ಸಾಹಿತ್ಯ ಅಕಾಡೆಮಿ ಪ್ರಶಸ್ತಿಯ ಪುಸ್ತಕ. ಆಗ ವಿಷಯವೇ ಸಡಿಲವಾಗುತ್ತದೆ. ನಾಕುತಂತಿಯನ್ನು ಒಂದು ಮೂಲೆಯಲ್ಲಿ ಕೂರಿಸಿದರೆ ಎದುರು ಮೂಲೆಯ ನಾಲ್ಕಕ್ಷರದ ಪದಕ್ಕೂ ವಿಷಯಕ್ಕೂ ಸಂಬಂಧವಿರುವುದಿಲ್ಲ. ಕಪ್ಪು ಬಿಳುಪಿನ ವಿನ್ಯಾಸ ಸಮವಾದರೂ ವಿಷಯ ಒಂದೇ ಕಡೆ ವಾಲುತ್ತದೆ. ವಿಷಯಪದಗಳು ಇರುವ ಕಡೆಯೆಲ್ಲ ಎದುರಿಗೂ ವಿಷಯಪದವೇ ಇರಬೇಕು ಎನ್ನುವುದು ಒಳ್ಳೆಯ ರಚನಕಾರರು ಪಾಲಿಸುವ ಕಟ್ಟು. ಅದನ್ನು ಪಾಲಿಸುವುದಾದರೆ ಮೂರು ಕೃತಿಗಳಷ್ಟೇ ಒಳಗೆ ಬರುತ್ತವೆ.

ಯಾವ ಸಾಲು, ಯಾವ ಅಂಚು

ಒಂಬತ್ತು ಮನೆಗಳ ಚೌಕದಲ್ಲಿ ಒಂದು ಮನೆಯ ಜೋಡಿ ಯಾವುದು ಎಂದು ತಿಳಿಯಲು ಸುಲಭದ ಲೆಕ್ಕವಿದೆ. ಅಡ್ಡಸಾಲಿನ ಸಂಖ್ಯೆಯನ್ನು ಹತ್ತರಿಂದ ಕಳೆಯಿರಿ, ಕಂಬಸಾಲಿನ ಸಂಖ್ಯೆಯನ್ನೂ ಹತ್ತರಿಂದ ಕಳೆಯಿರಿ. ಮೂರನೇ ಸಾಲಿನ ಎಂಟನೇ ಮನೆ ಕಪ್ಪಾದರೆ ಏಳನೇ ಸಾಲಿನ ಎರಡನೇ ಮನೆಯೂ ಕಪ್ಪಾಗಬೇಕು. ಐದನೇ ಸಾಲಿನ ಐದನೇ ಮನೆ ಮಾತ್ರ ತನಗೆ ತಾನೇ ಜೋಡಿ.

ಮೂಕಜ್ಜಿ ಐದನೇ ಸಾಲಿನಲ್ಲಿ ಕೂತಾಯಿತು. ಏಳರ ಜೋಡಿಗೆ ನಾಲ್ಕು ಮತ್ತು ಆರನೇ ಸಾಲುಗಳು ಆಗುವುದಿಲ್ಲ. ಅಲ್ಲಿಟ್ಟರೆ ಅವು ಮೂಕಜ್ಜಿಗೆ ಒತ್ತಿಕೊಂಡೇ ನಿಲ್ಲುತ್ತವೆ. ಆಗ ಒಂದರ ಕೆಳಗೊಂದು ಬಂದ ಪ್ರತಿ ಅಕ್ಷರವೂ ಮೇಲಿನಿಂದ ಕೆಳಕ್ಕೆ ಓದುವ ಒಂದು ಪದವಾಗಬೇಕು. ಇಂಗ್ಲಿಷ್‌ನಲ್ಲಿ ಇಪ್ಪತ್ತಾರೇ ಅಕ್ಷರಗಳು. ಎಲ್ಲ ಬಿಳಿ ಮನೆಗಳೂ ಎರಡೂ ದಿಕ್ಕಿನ ಪದಗಳಲ್ಲಿ ಬರುವಂಥ ದಟ್ಟ ಚೌಕವನ್ನು ಅಮೆರಿಕದ ರಚನಕಾರರು ದಿನವೂ ಕಟ್ಟುತ್ತಾರೆ. ಕನ್ನಡದಲ್ಲಿ ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಸೇರಿದರೆ ಒಂದು ಮನೆಗೆ ಬರಬಹುದಾದ ರೂಪಗಳು ನೂರಾರು. ‘ಕ’ ಬೇಕಾದ ಕಡೆ ‘ಕಿ’ ಬಂದರೂ ಪದ ಕೆಟ್ಟಿತು. ಅದಕ್ಕಾಗಿಯೇ ಕನ್ನಡದ ಪದಬಂಧಗಳಲ್ಲಿ ಕಪ್ಪು ಮನೆಗಳು ಹೆಚ್ಚು. ಪದಗಳು ಒಂದನ್ನೊಂದು ಅಲ್ಲಲ್ಲಿ ಮಾತ್ರ ಹಾಯುತ್ತವೆ. ಹಾಗಾಗಿ ನಡುವೆ ಒಂದು ಸಾಲು ಬಿಟ್ಟು ಮೂರು ಮತ್ತು ಏಳನೇ ಸಾಲುಗಳನ್ನು ಆರಿಸೋಣ.

ಏಳಕ್ಷರದ ಪದವನ್ನು ಎಡ ಅಂಚಿಗೆ ಒತ್ತಬಹುದು, ಬಲ ಅಂಚಿಗೆ ಒತ್ತಬಹುದು ಇಲ್ಲವೇ ನಡುವೆ ಇಡಬಹುದು. ಮೇಲಿನದು ಎಡಕ್ಕಿದ್ದರೆ ಕೆಳಗಿನದು ಬಲಕ್ಕೆ ಹೋಗುತ್ತದೆ. ಮೇಲೆ ಮಾಸ್ತಿಯೋ ಗೋಕಾಕರೋ ಎಂಬ ಆಯ್ಕೆಯೂ ಇದೆ. ಒಟ್ಟು ಆರು ಸಾಧ್ಯತೆ. ಇವುಗಳಲ್ಲಿ ಯಾವುದು ನಡೆಯುತ್ತದೆ ಎನ್ನುವುದನ್ನು ಹಾಯ್ದುಹೋಗುವ ಪದಗಳು ತೀರ್ಮಾನಿಸುತ್ತವೆ.

ಒಂದು ಕಡೆ ಚೆಂದ, ಎದುರು ಕಡೆ ಶೂನ್ಯ

ಹಾಯುವ ಪದ ಹುಡುಕುವ ಮೊದಲು ವಿಷಯಪದಗಳಲ್ಲಿನ ಮೊಂಡು ಅಕ್ಷರಗಳನ್ನು ಗುರುತು ಹಾಕಿಕೊಳ್ಳಬೇಕು. ಮೂಕಜ್ಜಿಯ ಮೂರನೇ ಅಕ್ಷರ ‘ಜ್ಜಿ’. ಕನ್ನಡದಲ್ಲಿ ಯಾವ ಪದವೂ ‘ಜ್ಜಿ’ಯಿಂದ ಶುರುವಾಗುವುದಿಲ್ಲ. ಅಜ್ಜಿ, ಮಜ್ಜಿಗೆ, ಸಜ್ಜಿಗೆ ಎಂದು ಅದರ ಮೇಲೆ ಒಂದು ಅಕ್ಷರ ಇದ್ದೇ ತೀರಬೇಕು. ‘ಶ್ಮಿ’ಯೂ ಪದದ ಆರಂಭಕ್ಕೆ ಬಾರದು. ‘ಳು’ ಪದದ ಕೊನೆಗೆ ಎಷ್ಟು ಸಲೀಸೋ ಆರಂಭಕ್ಕೆ ಅಷ್ಟೇ ಅಸಾಧ್ಯ. ಇದಕ್ಕೆ ತದ್ವಿರುದ್ಧವಾಗಿ ‘ಸಿಂ’ ಆರಂಭಕ್ಕೆ ಆಗುತ್ತದೆ, ಕೊನೆಗೆ ಆಗುವುದಿಲ್ಲ. ‘ಜೇಂ’ ಕೊನೆಗಂತೂ ಆಗದು, ಆರಂಭಕ್ಕೂ ಕಷ್ಟ. ಇಂಥವು ಸಾಧ್ಯವಾದಷ್ಟೂ ಹಾಯ್ದುಹೋಗುವ ಮನೆಗೆ ಬೀಳದಂತೆ ನೋಡಿಕೊಳ್ಳಬೇಕು.

ಮೊದಲ ಪ್ರಯತ್ನ: ಭಾರತ ಸಿಂಧು ರಶ್ಮಿ ಮೇಲೆ, ಬಲಕ್ಕೆ ಒತ್ತಿ, ಚಿಕವೀರ ರಾಜೇಂದ್ರ ಕೆಳಗೆ, ಎಡಕ್ಕೆ ಒತ್ತಿ. ಆಗ ಆರನೇ ಕಂಬಸಾಲಿನಲ್ಲಿ ಮೇಲೆ ‘ಸಿಂ’, ಒಂದು ಮನೆ ಬಿಟ್ಟು ಕೆಳಗೆ ಮೂಕಜ್ಜಿಯ ‘ನ’ ಬರುತ್ತದೆ. ನಡುವೆ ‘ಚ’ ಇಟ್ಟರೆ ‘ಸಿಂಚನ’. ಇಷ್ಟು ಒಳ್ಳೆಯ ಪದ ತಾನಾಗಿ ಒದಗಿ ಬಂದಿತೆಂದು ಹಿಗ್ಗುವಂತಿಲ್ಲ, ಏಕೆಂದರೆ ಅದರ ಜೋಡಿಯನ್ನೂ ನೋಡಬೇಕು. ನಾಲ್ಕನೇ ಸಾಲಿನ ಆರನೇ ಮನೆ ಬಿಳಿಯಾದರೆ ಆರನೇ ಸಾಲಿನ ನಾಲ್ಕನೇ ಮನೆಯೂ ಬಿಳಿ. ಅಲ್ಲಿ ಮೇಲೆ ಮೂಕಜ್ಜಿಯ ‘ಯ’, ಕೆಳಗೆ ಚಿಕವೀರದ ‘ರ’. ‘ಯ’ದಿಂದ ಶುರುವಾಗಿ ‘ರ’ದಲ್ಲಿ ಮುಗಿಯುವ ಮೂರಕ್ಷರದ ಬಳಕೆಯ ಪದ ಯಾವುದು? ನಡುವೆ ಏನಿಟ್ಟು ನೋಡಿದರೂ ಪದವಾಗುವುದಿಲ್ಲ. ಜೋಡಿ ಸೋತಿದ್ದರಿಂದ ಸಿಂಚನವನ್ನೂ ಬಿಡಬೇಕಾಯಿತು.

ಈಗ ಎರಡನ್ನೂ ಎದುರು ಅಂಚಿಗೆ ಸರಿಸೋಣ. ಗೋಕಾಕರ ಕೃತಿ ಎಡಕ್ಕೆ, ಮಾಸ್ತಿಯವರದು ಬಲಕ್ಕೆ. ಆರನೇ ಕಂಬಸಾಲಿನಲ್ಲಿ ಈಗ ‘ರ’ ಮತ್ತು ‘ನ’. ನಾಲ್ಕನೆಯದರಲ್ಲಿ ‘ಯ’ ಮತ್ತು ‘ಕ’. ಎರಡನೆಯದಕ್ಕೆ ‘ಯಮಕ’ ಕೂಡಲೇ ಹೊಳೆಯುತ್ತದೆ, ಕಾವ್ಯದ ಶಬ್ದಾಲಂಕಾರ. ಮೊದಲನೆಯದಕ್ಕೆ ಸಿಗುವುದು ‘ರದನ’, ಅಂದರೆ ಹಲ್ಲು. ಸಿಂಚನದಷ್ಟು ಬಳಕೆಯ ಪದವಲ್ಲ, ನಿಘಂಟಿನ ಪದ. ಆದರೂ ಅದರ ಮೊದಲಕ್ಷರ ಒಂದು ವಿಷಯಪದದಿಂದಲೂ ಕೊನೆಯಕ್ಷರ ಇನ್ನೊಂದರಿಂದಲೂ ಬಿಡಿಸುವವರಿಗೆ ಸಿಕ್ಕೇ ಸಿಗುತ್ತದೆ. ಉಳಿಯುವುದು ನಡುವಿನ ‘ದ’ ಒಂದೇ. ಅಷ್ಟು ಆಸರೆ ಇರುವಾಗ ಅಪರೂಪದ ಪದವೊಂದನ್ನು ಇಡುವುದು ಅನ್ಯಾಯವಲ್ಲ.

ಇನ್ನು ಮೂಕಜ್ಜಿಯ ಎರಡು ತುದಿಗಳು. ಮೊದಲಕ್ಷರ ‘ಮೂ’ದಿಂದ ಕೆಳಕ್ಕೆ, ಕೊನೆಯಕ್ಷರ ‘ಳು’ವಿನಿಂದ ಮೇಲಕ್ಕೆ ತಲಾ ಐದು ಮನೆಗಳು ಖಾಲಿ ಇವೆ. ‘ಮೂ’ದಿಂದ ಶುರುವಾಗುವ ಐದಕ್ಷರದ ಪದ ‘ಮೂಡುಬಿದಿರೆ’. ‘ಳು’ವಿನಲ್ಲಿ ಮುಗಿಯುವ ಐದಕ್ಷರದ ಪದ ‘ಮದುಮಗಳು’. ಈ ಜೋಡಿ ಸಿಕ್ಕಿದ್ದರಿಂದ ದೊಡ್ಡ ತೊಡಕೊಂದು ಬಿಡಿಸಿಕೊಂಡಿತು. ಬಲಮೇಲಿನ ಮೂಲೆಗೂ ಎಡಕೆಳಗಿನ ಮೂಲೆಗೂ ಬೇರೆ ದಾರಿಯೇ ಇರಲಿಲ್ಲ. ಬಲಮೇಲಿನ ಮೂಲೆಗೆ ತೀರಾ ಹತ್ತಿರವಿದ್ದ ‘ಶ್ಮಿ’ಯನ್ನು ಹಾಯುವಂಥ ಪದ ‘ರಶ್ಮಿ’ಯನ್ನು ಬಿಟ್ಟರೆ ಸುಲಭಕ್ಕೆ ಸಿಗುವುದಿಲ್ಲ, ರಶ್ಮಿ ಆಗಲೇ ವಿಷಯಪದದೊಳಗಿದೆ. ಒಂದು ಪದವನ್ನು ಒಂದೇ ಚೌಕದಲ್ಲಿ ಎರಡು ಸಲ ತರುವಂತಿಲ್ಲ.

ಉಳಿದವು ಸಲೀಸಾಗಿ ಬಂದವು. ಗೋಕಾಕರ ಕೃತಿಯ ‘ತ’ದಲ್ಲಿ ಮುಗಿಯುವಂತೆ ಮೇಲಿನಿಂದ ‘ಪರ್ವತ’, ಅದಕ್ಕೆ ಎದುರಾಗಿ ಮಾಸ್ತಿ ಕೃತಿಯ ‘ರಾ’ದಿಂದ ಕೆಳಕ್ಕೆ ‘ರಾವಣ’. ‘ಧು’ವಿನಲ್ಲಿ ಮುಗಿಯುವ ‘ಮಧು’ವಿಗೆ ಎದುರಾಗಿ ‘ವೀ’ಯಿಂದ ಶುರುವಾಗುವ ‘ವೀಣೆ’. ಪರ್ವತದ ‘ಪ’ವನ್ನು ಹಿಡಿದು ಮೊದಲ ಸಾಲಿನಲ್ಲಿ ‘ಜನಪದ’, ರಾವಣನ ‘ಣ’ವನ್ನು ಹಿಡಿದು ಕೊನೆಯ ಸಾಲಿನಲ್ಲಿ ‘ಗಣಪತಿ’. ಮದುಮಗಳ ‘ಮ’ದಲ್ಲಿ ‘ಹಿಮ’, ಮೂಡುಬಿದಿರೆಯ ‘ರೆ’ಯಲ್ಲಿ ‘ರೆಕ್ಕೆ’. ತುಂಬಿದ ಚೌಕ ಹೀಗಿದೆ:

| | | | | | | | | |
|---|---|---|---|---|---|---|---|---|
| ಜ | ನ | ಪ | ದ | ■ | ■ | ■ | ಹಿ | ಮ |
| ■ | ■ | ರ್ವ | ■ | ಮ | ■ | ■ | ■ | ದು |
| ಭಾ | ರ | ತ | ಸಿಂ | ಧು | ರ | ಶ್ಮಿ | ■ | ಮ |
| ■ | ■ | ■ | ■ | ■ | ದ | ■ | ■ | ಗ |
| ಮೂ | ಕ | ಜ್ಜಿ | ಯ | ಕ | ನ | ಸು | ಗ | ಳು |
| ಡು | ■ | ■ | ಮ | ■ | ■ | ■ | ■ | ■ |
| ಬಿ | ■ | ಚಿ | ಕ | ವೀ | ರ | ರಾ | ಜೇಂ | ದ್ರ |
| ದಿ | ■ | ■ | ■ | ಣೆ | ■ | ವ | ■ | ■ |
| ರೆ | ಕ್ಕೆ | ■ | ■ | ■ | ಗ | ಣ | ಪ | ತಿ |

ಒಟ್ಟು ಹದಿನೈದು ಪದಗಳು. ನಟ್ಟನಡುವಿನ ಮೂಕಜ್ಜಿಯನ್ನು ಬಿಟ್ಟು ಉಳಿದ ಹದಿನಾಲ್ಕೂ ಏಳು ಸಮ ಜೋಡಿಗಳು. ಮೊಂಡು ಅಕ್ಷರಗಳಾದ ಜ್ಜಿ, ಶ್ಮಿ, ಸಿಂ, ಜೇಂ ನಾಲ್ಕೂ ಅಡ್ಡಪದದ ಒಳಗೇ ಉಳಿದಿವೆ. ಯಾವ ಕೆಳಪದವೂ ಅವನ್ನು ಮುಟ್ಟಿಲ್ಲ. ‘ಳು’ ಮಾತ್ರ ಹಾಯುವ ಮನೆಗೆ ಬಿದ್ದಿದೆ, ಅದೂ ಪದದ ಕೊನೆಯಲ್ಲಿ.

ಎಲ್ಲಿ ಸಡಿಲ, ಎಲ್ಲಿ ಬಿಗಿ

ಚೌಕ ತುಂಬಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ, ಪರೀಕ್ಷೆ ಬಾಕಿ ಇದೆ. ಮೊದಲನೆಯದು ಸಮಮಿತಿಯದು. ಕಪ್ಪು ಮನೆಗಳನ್ನಷ್ಟೇ ತೆಳು ಕಾಗದದ ಮೇಲೆ ಎತ್ತಿಕೊಂಡು, ಅರ್ಧ ಸುತ್ತು ತಿರುಗಿಸಿ, ಮೂಲ ಚೌಕದ ಮೇಲಿಟ್ಟು ನೋಡಿ. ಒಂದು ಮನೆ ಹೆಚ್ಚುಕಡಿಮೆಯಾಗಿದ್ದರೂ ಕೂಡಲೇ ಕಾಣುತ್ತದೆ. ಪದಗಳ ಉದ್ದವನ್ನು ಮೇಲಿನಿಂದ ಕೆಳಕ್ಕೆ ಬರೆದು, ಅದೇ ಪಟ್ಟಿಯನ್ನು ಕೊನೆಯಿಂದ ಓದಿಯೂ ನೋಡಬಹುದು. ನಮ್ಮ ಅಡ್ಡಪದಗಳ ಪಟ್ಟಿ 4, 2, 7, 9, 7, 2, 4. ಹಿಂದಿನಿಂದ ಓದಿದರೂ ಅದೇ. ಪಟ್ಟಿ ಎಲ್ಲಿ ಮುರಿಯುತ್ತದೋ ತಪ್ಪು ಅಲ್ಲೇ ಇದೆ.

ಎರಡನೆಯದು ಸಂಪರ್ಕದ್ದು. ಬಿಳಿ ಮನೆಗಳ ಮೇಲೆ ಬೆರಳಿಟ್ಟು, ಕಪ್ಪು ಮನೆಯನ್ನು ದಾಟದೆ, ಎಲ್ಲ ಪದಗಳಿಗೂ ಹೋಗಿಬರಲು ಆಗಬೇಕು. ನಮ್ಮ ಚೌಕದಲ್ಲಿ ಮೇಲ್ಭಾಗದಿಂದ ನಡುವಿನ ಸಾಲಿಗೆ ಇಳಿಯಲು ಎರಡೇ ದಾರಿ, ರದನ ಮತ್ತು ಮದುಮಗಳು. ಕೆಳಕ್ಕೂ ಎರಡೇ, ಯಮಕ ಮತ್ತು ಮೂಡುಬಿದಿರೆ. ಇವುಗಳಲ್ಲಿ ಯಾವುದನ್ನು ಕಿತ್ತರೂ ಪದಬಂಧ ತುಂಡಾಗುತ್ತದೆ. ಮದುಮಗಳನ್ನು ತೆಗೆದರೆ ಹಿಮ ಒಂಟಿಯಾಗಿ ನಿಲ್ಲುತ್ತದೆ.

ಮೂರನೆಯದು ಕಾಗುಣಿತದ್ದು. ಕನ್ನಡದಲ್ಲಿ ಇದಕ್ಕೆ ವಿಶೇಷ ಎಚ್ಚರ ಬೇಕು. ಮಾಸ್ತಿಯವರ ಕಾದಂಬರಿಯನ್ನು ಹಲವರು ‘ಚಿಕ್ಕವೀರ ರಾಜೇಂದ್ರ’ ಎಂದೂ ಬರೆಯುತ್ತಾರೆ. ಅಕ್ಷರಗಳ ಸಂಖ್ಯೆ ಏಳೇ ಆದ್ದರಿಂದ ಮನೆ ಎಣಿಸಿದರೆ ವ್ಯತ್ಯಾಸ ತಿಳಿಯದು. ಆದರೆ ಎರಡನೇ ಮನೆಯನ್ನು ‘ಯಮಕ’ ಹಾಯುತ್ತದೆ. ‘ಕ್ಕ’ ಬರೆದವರಿಗೆ ಯಮಕ ಹೊಂದುವುದಿಲ್ಲ, ತಿದ್ದಿಕೊಳ್ಳುತ್ತಾರೆ. ಸಂದೇಹವಿರುವ ಅಕ್ಷರದ ಮೇಲೆಯೇ ಹಾಯುವ ಪದ ಬೀಳುವುದು ರಚನಕಾರನಿಗೆ ದೊಡ್ಡ ಅನುಕೂಲ.

ಮೂಡುಬಿದಿರೆಯಲ್ಲಿ ಆ ಅನುಕೂಲ ಇಲ್ಲ. ಕೆಲವರು ‘ಮೂಡಬಿದಿರೆ’ ಎನ್ನುತ್ತಾರೆ. ಎರಡಕ್ಕೂ ಐದೇ ಮನೆ. ಎರಡನೇ ಮನೆಯನ್ನು ಯಾವ ಅಡ್ಡಪದವೂ ಹಾಯುವುದಿಲ್ಲ, ಹಾಗಾಗಿ ‘ಡು’ವೋ ‘ಡ’ವೋ ಎಂದು ಚೌಕ ಹೇಳುವುದಿಲ್ಲ. ‘ಮೂಡಬಿದ್ರೆ’ ಎಂದು ಬರೆಯುವವರಿಗಾದರೆ ಮನೆಯೊಂದು ಉಳಿದು ತಪ್ಪು ಗೊತ್ತಾಗುತ್ತದೆ. ಉಳಿದವರಿಗೆ ಸುಳಿವಿನಲ್ಲೇ ನೆರವಾಗಬೇಕು: ‘ಸಾವಿರ ಕಂಬದ ಬಸದಿಯ ಊರು (ಎರಡನೆಯದು ಉಕಾರಾಂತ)’ ಎಂದು. ಹಾಗೆ ಮಾಡದಿದ್ದರೆ ಸರಿ ಉತ್ತರಗಳೆಂದು ಎರಡನ್ನೂ ಒಪ್ಪಿಕೊಳ್ಳಬೇಕಾಗುತ್ತದೆ.

ಸುಳಿವು ಬರೆಯುವಾಗ ಇನ್ನೊಂದು ಆಸೆ ಹುಟ್ಟುತ್ತದೆ. ಮದುಮಗಳಿಗೆ ‘ಕುವೆಂಪು ಕಾದಂಬರಿಯಲ್ಲಿ ಇವಳು ಮಲೆಗಳಲ್ಲಿ’ ಎಂದು ಬರೆದರೆ ಹೊರಗುಳಿದ ಕುವೆಂಪು ಹಿಂಬಾಗಿಲಿನಿಂದ ಒಳಗೆ ಬಂದ ಹಾಗಾಗುತ್ತದೆ. ಆದರೆ ಬಿಡಿಸುವವರು ಅದನ್ನೂ ವಿಷಯಪದವೆಂದು ತಿಳಿದು ಅದರ ಎದುರಿನ ಮೂಡುಬಿದಿರೆಯಲ್ಲಿ ಜ್ಞಾನಪೀಠದ ನಂಟು ಹುಡುಕಲು ಹೊರಡುತ್ತಾರೆ. ‘ಹಸೆಮಣೆ ಏರುವವಳು’ ಎಂದರೆ ಸಾಕು. ವಿಷಯದ ವಾಸನೆ ವಿಷಯಪದಗಳ ಸುಳಿವುಗಳಲ್ಲಿ ಮಾತ್ರ ಇರಬೇಕು.

ಈ ಚೌಕದ ಮಿತಿಯನ್ನೂ ಹೇಳಿಬಿಡಬೇಕು. ಎಂಬತ್ತೊಂದು ಮನೆಗಳಲ್ಲಿ ಮೂವತ್ತನಾಲ್ಕು ಕಪ್ಪು. ಬಿಳಿ ನಲವತ್ತೇಳರಲ್ಲಿ ಎರಡೂ ದಿಕ್ಕಿನಿಂದ ತಿಳಿಯುವವು ಹದಿನಾಲ್ಕು ಮಾತ್ರ. ಇಂಗ್ಲಿಷ್‌ನಲ್ಲಿ ಇಷ್ಟು ಸಡಿಲವಾದ ಚೌಕವನ್ನು ಯಾವ ಸಂಪಾದಕರೂ ಒಪ್ಪಲಾರರು. ಅಲ್ಲಿ ಮೂರಕ್ಷರಕ್ಕಿಂತ ಚಿಕ್ಕ ಪದಕ್ಕೂ ಪ್ರವೇಶವಿಲ್ಲ. ನಮ್ಮಲ್ಲಿ ಹಿಮ, ಮಧು, ವೀಣೆ ಬಂದಿವೆ. ಕನ್ನಡದ ಒಂದು ಮನೆಯಲ್ಲಿ ವ್ಯಂಜನ, ಸ್ವರ ಎರಡೂ ಇರುವುದರಿಂದ ಎರಡಕ್ಷರದ ಪದವೂ ಪೂರ್ತಿ ಪದವೇ, ಆದ್ದರಿಂದ ನಮ್ಮ ಪತ್ರಿಕೆಗಳಲ್ಲಿ ಅದು ಸಹಜ. ಹಾಯುವ ಮನೆ ಕಡಿಮೆಯಾದಷ್ಟೂ ಸುಳಿವು ಖಚಿತವಾಗಿರಬೇಕು, ಅಷ್ಟೇ. ಜನಪದಕ್ಕೆ ಹೊರಗಿನ ನೆರವು ‘ಪ’ ಒಂದೇ, ಗಣಪತಿಗೆ ‘ಣ’ ಒಂದೇ. ಅವುಗಳ ಸುಳಿವು ಒಗಟಾಗಿದ್ದರೆ ಮೂಲೆಗಳು ಖಾಲಿಯೇ ಉಳಿಯುತ್ತವೆ.

ಕಪ್ಪು ಮನೆ ಕಡಿಮೆ ಮಾಡುವ ದಾರಿ ಇಲ್ಲವೇ ಎಂದರೆ, ಇದೆ. ಆದರೆ ಬಿಳಿ ಮಾಡುವ ಪ್ರತಿ ಮನೆಗೂ ಎದುರಿನ ಮನೆಯೂ ಬಿಳಿಯಾಗುತ್ತದೆ, ಎರಡು ಕಡೆಯೂ ಪದ ಹುಟ್ಟಬೇಕು. ಉದಾಹರಣೆಗೆ ನಾಲ್ಕನೇ ಸಾಲಿನ ಎರಡನೇ ಮನೆಯನ್ನು ತೆರೆದರೆ ‘ರ’ ಮತ್ತು ‘ಕ’ ನಡುವೆ ‘ಸಿ’ ಇಟ್ಟು ‘ರಸಿಕ’ ಪಡೆಯಬಹುದು. ಎದುರಿಗೆ ಆರನೇ ಸಾಲಿನ ಎಂಟನೇ ಮನೆ ತೆರೆದುಕೊಂಡು ‘ಗ’ ಮತ್ತು ‘ಜೇಂ’ ನಡುವೆ ಏನಾದರೂ ಬೇಕು. ಅಂಥ ಪದ ಇಲ್ಲ. ಸಮಮಿತಿಯನ್ನು ಬಿಟ್ಟರೆ ರಸಿಕ ಬರುತ್ತಾನೆ, ಇಟ್ಟುಕೊಂಡರೆ ಹೋಗುತ್ತಾನೆ. ಕನ್ನಡದ ಎಷ್ಟೋ ಪದಬಂಧಗಳಲ್ಲಿ ಸಮಮಿತಿಯ ಹಟ ಇಲ್ಲದಿರುವುದಕ್ಕೆ ರಚನಕಾರರ ಸೋಮಾರಿತನ ಕಾರಣವಲ್ಲ. ಭಾಷೆ ವಸೂಲು ಮಾಡುವ ಬೆಲೆ ಅಷ್ಟು ದೊಡ್ಡದು.

ಆ ಬೆಲೆ ಕೊಡಲು ಸಿದ್ಧರಿರುವವರಿಗೆ ಒಂದು ಕೆಲಸ. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಮೊದಮೊದಲ ಕನ್ನಡ ಕೃತಿಗಳಲ್ಲಿ 1955ರ ‘ಶ್ರೀ ರಾಮಾಯಣ ದರ್ಶನಂ’ ಎಂಟಕ್ಷರ, 1959ರ ‘ಯಕ್ಷಗಾನ ಬಯಲಾಟ’ ಎಂಟಕ್ಷರ, 1960ರ ಗೋಕಾಕರ ‘ದ್ಯಾವಾಪೃಥಿವೀ’ ಐದಕ್ಷರ. ಐದು ಬೆಸ ಸಂಖ್ಯೆ. ಆದ್ದರಿಂದ ಒಂಬತ್ತರ ಚೌಕದ ನಡುವಿನ ಸಾಲಿನಲ್ಲಿ ಎರಡೂ ಕಡೆ ಎರಡೆರಡು ಮನೆ ಬಿಟ್ಟು ಅದು ಸರಿಯಾಗಿ ಕೂರುತ್ತದೆ. ಕುವೆಂಪು ಈ ಸಲ ಹೊರಗುಳಿಯಬೇಕಾಗಿಲ್ಲ. ಪೆನ್ಸಿಲು, ರಬ್ಬರು, ಚೌಕುಳಿ ಹಾಳೆ ತೆಗೆದುಕೊಂಡು ಕೂತು ನೋಡಿ. ‘ಪೃ’ ಮತ್ತು ‘ರ್ಶ’ಗಳನ್ನು ಎಲ್ಲಿ ಅಡಗಿಸುವುದು ಎಂಬ ಯೋಚನೆಯಿಂದಲೇ ಶುರುಮಾಡಿ.